ಬಡ್ಡಿ ಸೊನ್ನೆ, ಟಿಡಿಎಸ್ 2,974

ವಾಟ್ಸಾಪ್‌ನಲ್ಲಿ ಬಂದ ಒಂದು ಫೋಟೊ ನಂಬಿ ಐದು ತಿಂಗಳು ಒದ್ದಾಡಿದೆ. ಮೊನ್ನೆ ಎಲ್ಲ ಮುಗಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮನೆಯಲ್ಲಿ ವಯಸ್ಸಾದವರ ರಿಟರ್ನ್ ನೀವೇ ತುಂಬುತ್ತಿದ್ದರೆ, ಅವರು ಕಳಿಸುವ ಬಡ್ಡಿ ಸರ್ಟಿಫಿಕೇಟ್ ಹೀಗೇ ಫೋಟೊ ಆಗಿ ಬರುತ್ತಿದ್ದರೆ, ಓದಿ.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಈಗ 71 ವರ್ಷ. ಗುಬ್ಬಿಯಲ್ಲಿ ತಮ್ಮನ ಜೊತೆ ಇದ್ದಾರೆ. ನಾನಿರುವುದು ತುಮಕೂರಿನ ಬಟವಾಡಿಯಲ್ಲಿ. ಅವರ ಬ್ಯಾಂಕ್ ಇರುವುದೂ ತುಮಕೂರಿನಲ್ಲೇ, ಬಿ.ಹೆಚ್. ರಸ್ತೆಯಲ್ಲಿ. ಪೆನ್ಷನ್ ಅಲ್ಲಿಗೇ ಬರುತ್ತದೆ, ಎಫ್‌ಡಿಗಳೂ ಅಲ್ಲೇ ಇವೆ. 2025ರ ಜುಲೈನಲ್ಲಿ ಅಪ್ಪ ಬ್ಯಾಂಕಿಗೆ ಹೋಗಿ 2024-25ರ ಬಡ್ಡಿ ಸರ್ಟಿಫಿಕೇಟ್ ತಂದರು. ರಾತ್ರಿ ಟ್ಯೂಬ್‌ಲೈಟ್ ಕೆಳಗೆ, ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆದು ನನಗೆ ಕಳಿಸಿದರು. "ಬಂತೇನಮ್ಮ?" ಅಂದರು. "ಬಂತಪ್ಪ" ಅಂದೆ. ಆ ಕಾಗದವನ್ನು ಆಮೇಲೆ ಎಲ್ಲಿಟ್ಟರೋ ಇವತ್ತಿಗೂ ಸಿಕ್ಕಿಲ್ಲ.

ಫೋಟೊ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕಥೆಯೆಲ್ಲ ಇರುವುದು ಅದರಲ್ಲೇ. ಮೇಲೆ ಬ್ಯಾಂಕಿನ ಹೆಸರು, ಅಪ್ಪನ ಹೆಸರು, 01-04-2024 ರಿಂದ 31-03-2025 ಅನ್ನುವ ಅವಧಿ ಚೆನ್ನಾಗಿ ಕಾಣುತ್ತಿತ್ತು. ಕೆಳಗೆ ನಾಲ್ಕು ಸಾಲು: ಒಂದು ಎಸ್‌ಬಿ ಖಾತೆ, ಮೂರು ಎಫ್‌ಡಿ. ಪ್ರತಿ ಸಾಲಿನಲ್ಲೂ ಖಾತೆ ಸಂಖ್ಯೆ, ಅಸಲು, ಬಡ್ಡಿ ದರ, 'ಇಂಟರೆಸ್ಟ್ ಪೇಯ್ಡ್', ಆಮೇಲೆ 'ಟಿಡಿಎಸ್', ಅಂದರೆ ಬಡ್ಡಿಯಲ್ಲಿ ಬ್ಯಾಂಕ್ ಮೊದಲೇ ಕಡಿದುಕೊಂಡ ತೆರಿಗೆ. ಅಷ್ಟಕ್ಕೇ ಫೋಟೊದ ಅಂಚು ಬಂದುಬಿಟ್ಟಿತ್ತು. ಎಫ್‌ಡಿ ಸಾಲಿನ ಒಂದು ಅಂಕಿಯ ಮೇಲೆ ಬೆಳಕಿನ ಬಿಳಿ ಮಚ್ಚೆ. ಕೆಳಗೆ ಒಟ್ಟು ಮೊತ್ತ ಇರಬೇಕಾದ ಜಾಗದಲ್ಲಿ ಅಪ್ಪನ ಹೆಬ್ಬೆರಳು.

ನಾನು ಫೋಟೊ ದೊಡ್ಡದು ಮಾಡಿಕೊಂಡು ಓದಿದೆ. ಎಸ್‌ಬಿ ಬಡ್ಡಿ 3,214. ಮೊದಲ ಎಫ್‌ಡಿ 33,500. ಎರಡನೆಯದರ ಮುಂದೆ 0.00. ಮೂರನೆಯದು 4,155. ಕೂಡಿಸಿದರೆ 40,869. ಆಗಸ್ಟ್ 10ರ ಭಾನುವಾರ ರಿಟರ್ನ್ ತುಂಬಲು ಕೂತಾಗ ಪೋರ್ಟಲ್ ತಾನೇ ತುಂಬಿಟ್ಟಿದ್ದ ಬಡ್ಡಿ ಇದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಬ್ಯಾಂಕಿನ ಸೀಲ್ ಇರುವ ಕಾಗದ ನನ್ನ ಹತ್ತಿರ ಇದೆಯಲ್ಲ ಅಂತ ಪೋರ್ಟಲ್‌ನ ಮೊತ್ತ ಅಳಿಸಿ ನನ್ನದನ್ನು ಹಾಕಿದೆ. ಟಿಡಿಎಸ್ ಮಾತ್ರ ಪೋರ್ಟಲ್‌ನಲ್ಲಿದ್ದಂತೆ 7,240 ಹಾಗೇ ಬಿಟ್ಟೆ. ಅಪ್ಪನಿಗೆ ಫೋನ್ ಮಾಡಿ ಓಟಿಪಿ ಕೇಳಿ ಇ-ವೆರಿಫೈ ಮಾಡಿ ನಿಶ್ಚಿಂತೆಯಿಂದ ಮಲಗಿದೆ.

ಸೆಪ್ಟೆಂಬರ್, ಅಕ್ಟೋಬರ್ ಹೋಯಿತು, ರೀಫಂಡ್ ಬರಲಿಲ್ಲ. ನವೆಂಬರ್ ಕೊನೆಯಲ್ಲಿ ಇಲಾಖೆಯಿಂದ ಮೇಲ್ ಬಂತು: ರಿಟರ್ನ್‌ನಲ್ಲಿ ತೋರಿಸಿದ ಬಡ್ಡಿಗೂ ನಮಗೆ ಬಂದ ಮಾಹಿತಿಗೂ ತಾಳೆಯಾಗುತ್ತಿಲ್ಲ, ನೋಡಿ ಅಂತ. ಅಪ್ಪನಿಗೆ ಹೇಳಿದೆ, ಅವರು ಗಾಬರಿಯಾದರು. ಮೂವತ್ತು ವರ್ಷ ಮಕ್ಕಳ ಲೆಕ್ಕದ ಪೇಪರ್ ತಿದ್ದಿದ ಮನುಷ್ಯ, "ನನ್ನ ಲೆಕ್ಕ ತಪ್ಪು ಅಂತ ಬಂತಾ?" ಅಂತ ಎರಡು ಸಲ ಕೇಳಿದರು. ತಪ್ಪು ನನ್ನದು ಅಂತ ಆಗ ನನಗೂ ಗೊತ್ತಿರಲಿಲ್ಲ. ಬ್ಯಾಂಕಿನದೇ ಇರಬೇಕು ಅಂದುಕೊಂಡಿದ್ದೆ.

ಆ ರಾತ್ರಿ ಎಐಎಸ್, ಅಂದರೆ ಅಪ್ಪನ ಆದಾಯದ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ವಾರ್ಷಿಕ ಪಟ್ಟಿ, ಇಳಿಸಿಕೊಂಡೆ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ಲಾಗಿನ್ ಆದರೆ ಅಲ್ಲೇ ಕೊಂಡಿ ಇದೆ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ಪ್ಯಾನ್ ಅನ್ನು ಸಣ್ಣಕ್ಷರದಲ್ಲಿ ಬರೆದು, ಅದಕ್ಕೆ ಅಂಟಿದಂತೆ ಹುಟ್ಟಿದ ದಿನ, ತಿಂಗಳು, ವರ್ಷ ಹಾಕಬೇಕು. ಇದು ಗೊತ್ತಿಲ್ಲದೆ ಅರ್ಧ ಗಂಟೆ ಹಾಳಾಯಿತು. ತೆರೆದರೆ ಇನ್ನೊಂದು ಗಾಬರಿ. ಅದೇ ಬ್ಯಾಂಕಿನ 72,393 ರೂಪಾಯಿ ಎರಡು ಕಡೆ ಇತ್ತು: ಒಮ್ಮೆ `TDS-194A` ಅಂತ, ಇನ್ನೊಮ್ಮೆ `SFT-016(TD)` ಅಂತ. ಅದರ ಜೊತೆ `SFT-016(SB)` ಅಂತ 3,214. ಎರಡನ್ನೂ ಕೂಡಿಸಿ ಒಂದೂವರೆ ಲಕ್ಷದ ಹತ್ತಿರ ಬಂದಾಗ ಕೈಕಾಲು ತಣ್ಣಗಾಯಿತು. ಆದರೆ ಅವು ಎರಡು ಬಡ್ಡಿಯಲ್ಲ. ತೆರಿಗೆ ಕಡಿದಿದ್ದಕ್ಕೆ ಬ್ಯಾಂಕ್ ಒಂದು ಲೆಕ್ಕ ಕೊಡುತ್ತದೆ, ಯಾರಿಗೆ ಎಷ್ಟು ಬಡ್ಡಿ ಕೊಟ್ಟೆ ಅನ್ನುವ ವಾರ್ಷಿಕ ಲೆಕ್ಕವನ್ನು ಬೇರೆ ಕೊಡುತ್ತದೆ. ಒಂದೇ ದುಡ್ಡು ಎರಡು ದಾರಿಯಲ್ಲಿ ಬಂದು ಕೂತಿರುತ್ತದೆ. ಪಕ್ಕದಲ್ಲೇ ಇರುವ ಟಿಐಎಸ್ ಅನ್ನುವ ಸಾರಾಂಶ ತೆರೆದರೆ ಒಂದನ್ನು ಬಿಟ್ಟು ಲೆಕ್ಕ ಹಾಕಿರುತ್ತದೆ. ಅಪ್ಪನ ಟಿಐಎಸ್‌ನಲ್ಲಿ ಎಫ್‌ಡಿ ಬಡ್ಡಿ 72,393, ಎಸ್‌ಬಿ ಬಡ್ಡಿ 3,214. ಒಟ್ಟು 75,607.

ನಾನು ತೋರಿಸಿದ್ದು 40,869. ವ್ಯತ್ಯಾಸ 34,738.

ಈ 34,738ನ್ನು ಹಿಡಿದು ಮತ್ತೆ ಫೋಟೊ ನೋಡುತ್ತಾ ಕೂತೆ. ಈ ಸಲ ಬಡ್ಡಿಯ ಕಾಲಂ ಬಿಟ್ಟು ಟಿಡಿಎಸ್ ಕಾಲಂ ಓದಿದೆ. ಆಗ ಕಣ್ಣಿಗೆ ಬಿತ್ತು. ಎರಡನೇ ಎಫ್‌ಡಿಯ ಬಡ್ಡಿ 0.00, ಅದರ ಮುಂದೆ ಟಿಡಿಎಸ್ 2,974. ಬಡ್ಡಿಯೇ ಇಲ್ಲದ ಮೇಲೆ ತೆರಿಗೆ ಯಾವುದರಿಂದ ಕಡಿದರು? ಪ್ಯಾನ್ ಕೊಟ್ಟಿದ್ದರೆ ಬ್ಯಾಂಕ್ ಕಡಿಯುವುದು ಶೇ 10. ಅಂದರೆ 2,974ರ ಹಿಂದೆ ಸುಮಾರು 29,740 ರೂಪಾಯಿ ಬಡ್ಡಿ ಇರಲೇಬೇಕು. ಅದು ಫೋಟೊದಲ್ಲಿ ಇಲ್ಲ, ಅಷ್ಟೇ.

ಅದೇ ಅಳತೆಗೋಲು ಹಿಡಿದು ಮೇಲಿನ ಸಾಲು ನೋಡಿದೆ. ಬಡ್ಡಿ 33,500 ಅಂತ ಓದಿದ್ದೆ, ಟಿಡಿಎಸ್ ಮಾತ್ರ 3,850. ಹತ್ತು ಪಟ್ಟು ಮಾಡಿದರೆ 38,500. ಬೆಳಕಿನ ಮಚ್ಚೆ ಬಿದ್ದ ಅಂಕಿ ಅದೇ. 8ರ ಎಡಗಡೆ ಅಳಿಸಿಹೋದರೆ ಅದು 3 ಆಗಿಯೇ ಕಾಣುತ್ತದೆ. ಖಾತ್ರಿಗೆ ಅದೇ ಸಾಲಿನ ಅಸಲು, ದರ ನೋಡಿದೆ: 5,50,000, ಶೇ 7. ಮೂರು ತಿಂಗಳಿಗೊಮ್ಮೆ ಬಡ್ಡಿ ಎಸ್‌ಬಿಗೆ ಬರುವ ಎಫ್‌ಡಿ ಅದು. ಸಲಕ್ಕೆ 9,625, ನಾಲ್ಕು ಸಲಕ್ಕೆ 38,500. ಪಾಸ್‌ಬುಕ್ ಬೇಡ, ಮೇಲ್ ಬೇಡ, ಅದೇ ಸಾಲಿನಲ್ಲೇ ಎರಡು ಸಾಕ್ಷಿ ಇದ್ದವು. ನಾನು ನೋಡಿರಲಿಲ್ಲ.

ಮೂರನೇ ಎಫ್‌ಡಿ ಸರಿ ಇತ್ತು: 4,155ಕ್ಕೆ 416. ಬ್ಯಾಂಕು ಪೈಸೆ ಬಿಟ್ಟು ರೂಪಾಯಿಗೆ ಸರಿಮಾಡುತ್ತದೆ, ಹಾಗಾಗಿ ಒಂದು ರೂಪಾಯಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಇದೇ ಕಾರಣಕ್ಕೆ ಟಿಡಿಎಸ್‌ನಿಂದ ಬಡ್ಡಿಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ರೂಪಾಯಿಗೆ ರೂಪಾಯಿ ಸಿಗುವುದಿಲ್ಲ, ಹತ್ತು ರೂಪಾಯಿಯ ಅಂದಾಜು ಸಿಗುತ್ತದೆ. ತಪ್ಪು ಹಿಡಿಯಲು ಸಾಕು, ರಿಟರ್ನ್‌ನಲ್ಲಿ ಬರೆಯಲು ಸಾಲದು.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಎಸ್‌ಬಿ ಬಡ್ಡಿಗೆ ಟಿಡಿಎಸ್ ಇಲ್ಲ. ತೆರಿಗೆ ಕಡಿಯಬೇಡಿ ಅಂತ ಬ್ಯಾಂಕಿಗೆ ಕೊಡುವ, ಆಗ 15ಹೆಚ್ ಅಂತಿದ್ದ ಫಾರಂ ಬರೆದುಕೊಟ್ಟಿದ್ದರೂ ಆ ಕಾಲಂ ಖಾಲಿ. ಆ ವರ್ಷ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಲ್ಲಿ 50,000 ದಾಟಿದರೆ ಮಾತ್ರ ಕಡಿತ ಇತ್ತು. 2025ರ ಏಪ್ರಿಲ್‌ನಿಂದ ಅದು ಒಂದು ಲಕ್ಷ ಆಗಿದೆ, ಆದ್ದರಿಂದ ಮುಂದೆ ಬಹಳ ಜನರ ಸರ್ಟಿಫಿಕೇಟ್‌ನಲ್ಲಿ ಟಿಡಿಎಸ್ ಸೊನ್ನೆಯೇ ಇರುತ್ತದೆ. ಆಗ ಉಳಿಯುವುದು ಅಸಲು, ದರ, ಕೆಳಗಿನ ಒಟ್ಟು ಮೊತ್ತ. ಒಟ್ಟಿನ ಮೇಲೆ ಬೆರಳು ಇರಬಾರದು ಅಷ್ಟೇ.

ಇಷ್ಟು ಗೊತ್ತಾದ ಮೇಲೆ ಎಐಎಸ್‌ನ ಮೊತ್ತವನ್ನೇ ಹಾಕಿ ತಿದ್ದಿಬಿಡಬಹುದಿತ್ತು, ಅಲ್ವಾ? ನಾನೂ ಹಾಗೇ ಅಂದೆ. ಅಪ್ಪ ಒಪ್ಪಲಿಲ್ಲ. ಅವರ ಪಾಸ್‌ಬುಕ್‌ನಲ್ಲಿ ಇನ್ನೊಂದು ಲೆಕ್ಕ ಇತ್ತು. ಆ ಮೂರನೇ ಎಫ್‌ಡಿ, ಒಂದು ವರ್ಷದ್ದು, ಎರಡು ಲಕ್ಷ ಇಟ್ಟಿದ್ದು, 2024ರ ಜುಲೈನಲ್ಲಿ ಮುಗಿದಿತ್ತು. ಕೈಗೆ ಬಂದಿದ್ದು 2,13,951. "ಬಡ್ಡಿ 13,951 ಬಂದಿದೆ ಕಣಮ್ಮ. ಅವರು 4,155 ಅಂತ ಬರೆದಿದ್ದಾರೆ. ಆ ಎರಡನೇ ಎಫ್‌ಡಿಯಲ್ಲಿ ಒಂದು ರೂಪಾಯಿ ಬಂದಿಲ್ಲ, ಅದಕ್ಕೆ ತೆರಿಗೆ ಕಡಿದಿದ್ದಾರೆ. ಎರಡೂ ತಪ್ಪು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬ್ಯಾಂಕಿಗೆ ಹೋದೆವು. ಹೋದ ದಿನ ಡಿಸೆಂಬರ್ 13, ಎರಡನೇ ಶನಿವಾರ. ಶಟರ್ ಎಳೆದಿತ್ತು. ಗುಬ್ಬಿಯಿಂದ ಬಸ್ಸಿನಲ್ಲಿ ಬಂದಿದ್ದ ಅಪ್ಪ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸ್ ಹೋದರು. ಸೋಮವಾರ ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆವು. ಹನ್ನೊಂದಕ್ಕೆ ಕೂತವರು ಒಂದು ಗಂಟೆ ಹೊತ್ತಿಗೆ ಆಫೀಸರ್ ಮುಂದೆ ಹೋದೆವು. ಡೂಪ್ಲಿಕೇಟ್ ಸರ್ಟಿಫಿಕೇಟ್‌ಗೆ ಜಿಎಸ್‌ಟಿ ಸೇರಿ 118 ರೂಪಾಯಿ. ಹಿಂದಿನ ವರ್ಷದ್ದೂ ಬೇಕು ಅಂದಾಗ ಮತ್ತೊಂದು 118. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬೇರೆ ಇರುತ್ತದೆ. ನೆಟ್‌ಬ್ಯಾಂಕಿಂಗ್ ಇದ್ದರೆ ಪಿಡಿಎಫ್ ಸುಮ್ನೆ ಸಿಗುತ್ತಿತ್ತು ಅಂತ ಆಫೀಸರ್ ಹೇಳಿದಾಗ ಅಪ್ಪ ನನ್ನ ಮುಖ ನೋಡಿದರು.

ಹೊಸ ಕಾಗದ ಕೈಗೆ ಬಂದಾಗ ಮೊದಲು ನೋಡಿದ್ದು ಬಲಗಡೆ ಅಂಚು. ಅಲ್ಲಿತ್ತು ಕೊನೆಯ ಕಾಲಂ: 'ಇಂಟರೆಸ್ಟ್ ಅಕ್ರೂಡ್'. ಎರಡನೇ ಎಫ್‌ಡಿಯ ಸಾಲಿನಲ್ಲಿ 29,738.

"ಇದು ಕ್ಯುಮುಲೇಟಿವ್ ಎಫ್‌ಡಿ ಮೇಷ್ಟ್ರೇ" ಅಂದರು ಆಫೀಸರ್. "ಬಡ್ಡಿ ನಿಮ್ಮ ಕೈಗೆ ಬರಲ್ಲ, ಅಸಲಿಗೆ ಸೇರ್ತಾ ಹೋಗುತ್ತೆ. ಆದರೆ ಪ್ರತಿ ವರ್ಷ ಮಾರ್ಚ್ 31ರವರೆಗೆ ಎಷ್ಟು ಬೆಳೆದಿದೆಯೋ ಅದನ್ನ ಆ ವರ್ಷದ ಬಡ್ಡಿ ಅಂತಲೇ ನಾವು ತೋರಿಸಬೇಕು, ಟಿಡಿಎಸ್ ಕಡೀಬೇಕು."

"ಹಾಗಾದ್ರೆ ಮುಗಿದಾಗ?"

"ಮುಗಿದಾಗ ಮತ್ತೆ ತೋರಿಸಲ್ಲ. ಅದಕ್ಕೇ ನಿಮ್ಮ ಆ ಎರಡು ಲಕ್ಷದ ಎಫ್‌ಡಿಗೆ 4,155 ಇರೋದು."

ಅವರು ಹಿಂದಿನ ವರ್ಷದ ಕಾಗದವನ್ನು ಇದರ ಪಕ್ಕ ಇಟ್ಟರು. ಅದೇ ಖಾತೆ ಸಂಖ್ಯೆಯ ಮುಂದೆ ಅಕ್ರೂಡ್ ಕಾಲಂನಲ್ಲಿ 9,796. ಅದು 2023ರ ಜುಲೈನಿಂದ 2024ರ ಮಾರ್ಚ್ 31ರವರೆಗಿನದು. ಈ ವರ್ಷದ 4,155 ಉಳಿದ ಮೂರೂವರೆ ತಿಂಗಳಿನದು. ಅಪ್ಪ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕೂಡಿಸಿದರು. 13,951. ಎರಡು ಸಲ ಕೂಡಿಸಿ, ಕೆಳಗೆ ಒಂದು ಸರಿ ಗುರುತು ಹಾಕಿದರು.

ಇಲ್ಲಿ ಒಂದು ಎಚ್ಚರಿಕೆ. ಆ 9,796 ಹಿಂದಿನ ವರ್ಷದ ರಿಟರ್ನ್‌ನಲ್ಲಿ ನಿಜವಾಗಿ ಸೇರಿದ್ದರೆ ಮಾತ್ರ ಈ ವರ್ಷ ಬಿಡಬಹುದು. ನಾನು ಮನೆಗೆ ಬಂದು ಹಳೆಯ ರಿಟರ್ನ್ ತೆಗೆದು ನೋಡಿದೆ. ಆ ವರ್ಷ ಪೋರ್ಟಲ್ ತುಂಬಿದ್ದನ್ನು ಮುಟ್ಟದೆ ಹಾಗೇ ಕಳಿಸಿದ್ದೆ, ಹಾಗಾಗಿ ಸೇರಿತ್ತು. ಸೋಮಾರಿತನ ಒಮ್ಮೊಮ್ಮೆ ಕಾಯುತ್ತದೆ. ಕೆಲವರು ಬಡ್ಡಿ ಕೈಗೆ ಬಂದ ವರ್ಷವೇ ಎಲ್ಲ ತೋರಿಸುತ್ತಾರೆ, ಅದಕ್ಕೂ ಕಾನೂನಿನಲ್ಲಿ ಜಾಗ ಇದೆ. ಆದರೆ ಒಂದು ವರ್ಷ ಹಾಗೆ, ಒಂದು ವರ್ಷ ಹೀಗೆ ಮಾಡುವಂತಿಲ್ಲ. ಜೊತೆಗೆ ಬ್ಯಾಂಕ್ ಪ್ರತಿ ವರ್ಷ ಇಲಾಖೆಗೆ ಕಳಿಸುವುದು ಬೆಳೆದ ಬಡ್ಡಿಯ ಲೆಕ್ಕ, ಆದ್ದರಿಂದ ಪ್ರತಿ ವರ್ಷ ತಾಳೆ ತಪ್ಪಿ ನನಗೆ ಬಂದಂಥ ಮೇಲ್ ಬರುತ್ತಲೇ ಇರುತ್ತದೆ.

ಅಂದಹಾಗೆ, ಪಾಸ್‌ಬುಕ್ ನಂಬಿ 13,951 ಪೂರ್ತಿ ಹಾಕಿದ್ದರೆ ಏನಾಗುತ್ತಿತ್ತು ಅಂತ ಕುತೂಹಲಕ್ಕೆ ಲೆಕ್ಕ ಹಾಕಿದೆ. ಅಪ್ಪನ ಪೆನ್ಷನ್ ವರ್ಷಕ್ಕೆ 6,96,000. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 6,21,000. ಸರಿಯಾದ ಬಡ್ಡಿ 75,607 ಸೇರಿಸಿದರೆ 6,96,607. ಏಳು ಲಕ್ಷದ ಒಳಗೆ ಇದ್ದರೆ ಆ ವರ್ಷ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ, ಕಡಿದ 7,240 ಪೂರ್ತಿ ವಾಪಸ್. ಆದರೆ ಹಿಂದಿನ ವರ್ಷದ 9,796ನ್ನೂ ಸೇರಿಸಿದರೆ 7,06,403 ಆಗಿ ಗೆರೆ ದಾಟುತ್ತದೆ. ಗೆರೆಯ ಆಚೆ ಸ್ವಲ್ಪವೇ ಹೋದವರಿಗೆ, ಎಷ್ಟು ದಾಟಿದ್ದಾರೋ ಅಷ್ಟಕ್ಕೇ ತೆರಿಗೆ ನಿಲ್ಲಿಸುವ ರಿಯಾಯಿತಿ ಇದೆ. ಅದನ್ನು ಹಿಡಿದರೂ 6,400, ಸೆಸ್ ಸೇರಿ 6,656. ರೀಫಂಡ್‌ನಲ್ಲಿ ಉಳಿಯುವುದು 584 ರೂಪಾಯಿ. ಅಂದರೆ ಕಮ್ಮಿ ತೋರಿಸಿದ ನನ್ನ ತಪ್ಪಿನಿಂದ ತೆರಿಗೆ ಒಂದು ರೂಪಾಯಿಯೂ ಬದಲಾಗಿರಲಿಲ್ಲ. ಜಾಸ್ತಿ ತೋರಿಸಲು ಹೊರಟಿದ್ದ ಅಪ್ಪನ ಪ್ರಾಮಾಣಿಕತೆ ಆರೂವರೆ ಸಾವಿರಕ್ಕೆ ಕೂರುತ್ತಿತ್ತು. ಹಿರಿಯರಿಗೆ ಬಡ್ಡಿಯಲ್ಲಿ 50,000ದವರೆಗೆ ಕಳೆಯುವ 80ಟಿಟಿಬಿ ಇತ್ತಲ್ಲ ಅಂತ ನೀವು ಕೇಳಬಹುದು. ಅದು ಹಳೆಯ ಪದ್ಧತಿಗೆ ಮಾತ್ರ.

ಈಗ ಎಲ್ಲ ಅಂಕಿಯೂ ಕೂತವು. ಕಾಣದೆ ಹೋದ ಕಾಲಂನ 29,738, ಮಚ್ಚೆಯ ಕೆಳಗಿನ 5,000, ಸೇರಿ 34,738. ರೂಪಾಯಿಗೆ ರೂಪಾಯಿ. ಅದನ್ನು ನೋಡಿದಾಗ ಆದ ಸಮಾಧಾನ ರೀಫಂಡ್ ಬಂದಾಗಲೂ ಆಗಲಿಲ್ಲ.

ಡಿಸೆಂಬರ್ 17ರ ರಾತ್ರಿ ತಿದ್ದಿದ ರಿಟರ್ನ್ ಹಾಕಿದೆ. ಇದು ಆಗ 139(5)ರ ಕೆಳಗೆ ಬರುತ್ತಿತ್ತು, 2025ರ ಡಿಸೆಂಬರ್ 31 ಕಡೆಯ ದಿನ ಆಗಿತ್ತು. ಮೊದಲ ರಿಟರ್ನ್‌ನ 15 ಅಂಕಿಯ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ಕೇಳುತ್ತದೆ, ಎದುರಿಗೆ ಇಟ್ಟುಕೊಂಡು ಕೂರಿ. ಬಡ್ಡಿಯನ್ನು ಒಂದೇ ಸಾಲಿನಲ್ಲಿ ತುಂಬಬೇಡಿ: ಎಸ್‌ಬಿಯ 3,214 ಒಂದು ಕಡೆ, ಎಫ್‌ಡಿಯ 72,393 ಇನ್ನೊಂದು ಕಡೆ. ಎಐಎಸ್ ಸರಿಯೇ ಇದ್ದದ್ದರಿಂದ ಅದಕ್ಕೆ ಆಕ್ಷೇಪಣೆ ಹಾಕುವ ಕೆಲಸ ಇರಲಿಲ್ಲ. ಬ್ಯಾಂಕೇ ತಪ್ಪು ಕಳಿಸಿದ್ದರೆ ಎಐಎಸ್ ಒಳಗೇ ಆ ಸಾಲಿಗೆ ಫೀಡ್‌ಬ್ಯಾಕ್ ಕೊಡಬಹುದು, ಅದು ಬ್ಯಾಂಕಿಗೆ ಹೋಗಿ ಅವರು ಒಪ್ಪಬೇಕು. ಕೊನೆಗೆ ಮತ್ತೆ ಇ-ವೆರಿಫೈ. ಅವತ್ತು ಗುಬ್ಬಿಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಪ್ಪ ಮಹಡಿ ಹತ್ತಿ ನಿಂತು ಮೂರನೇ ಸಲಕ್ಕೆ ಓಟಿಪಿ ಓದಿದರು.

ಫೋಟೊ ವಿಷಯಕ್ಕೆ ನಮ್ಮ ಮನೆಯಲ್ಲಿ ಈಗ ಹೊಸ ಕಟ್ಟಳೆ. ಕಾಗದವನ್ನು ಹಗಲು ಹೊತ್ತು ಮೇಜಿನ ಮೇಲೆ ಚಪ್ಪಟೆಯಾಗಿ ಇಡಬೇಕು. ನಾಲ್ಕೂ ಮೂಲೆ ಫೋಟೊದಲ್ಲಿ ಬರಬೇಕು, ಮೇಜಿನ ಮರ ಸುತ್ತಲೂ ಸ್ವಲ್ಪ ಕಾಣಬೇಕು, ಆಗಲೇ ಯಾವ ಕಾಲಂ ತಪ್ಪಿಹೋಗಿಲ್ಲ ಅಂತ ಗೊತ್ತಾಗುವುದು. ವಾಟ್ಸಾಪ್‌ನಲ್ಲಿ ಫೋಟೊ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಬೇಕು. ಇಲ್ಲದಿದ್ದರೆ ಅದು ಕುಗ್ಗಿಸಿ ಕಳಿಸುತ್ತದೆ, ಸಣ್ಣ ಅಂಕಿಗಳು ಕಲಸಿಹೋಗುತ್ತವೆ. ಮೂಲ ಕಾಗದ ರೀಫಂಡ್ ಬರುವವರೆಗೂ ಫೈಲಿನಲ್ಲೇ ಇರಬೇಕು.

ಜನವರಿಯಲ್ಲಿ ರೀಫಂಡ್ ಬಂತು. 7,240 ಅಲ್ಲ, 7,600. ಅಪ್ಪ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. "360 ಜಾಸ್ತಿ ಹಾಕಿದ್ದಾರೆ. ಮತ್ತೆ ಏನೋ ತಪ್ಪಾಗಿದೆ."

ತಪ್ಪಲ್ಲ ಅಂತ ಹೇಳಿದೆ. ರೀಫಂಡ್ ತಡವಾದರೆ ಇಲಾಖೆ ತಿಂಗಳಿಗೆ ಶೇ ಅರ್ಧದಂತೆ ಬಡ್ಡಿ ಕೊಡುತ್ತದೆ. ಏಪ್ರಿಲ್‌ನಿಂದ ಜನವರಿಗೆ ಹತ್ತು ತಿಂಗಳು, ನೂರರ ಕೆಳಗಿನ 40 ಬಿಟ್ಟು 7,200ಕ್ಕೆ 360. ಅದೂ ಆದಾಯವೇ. ಮುಂದಿನ ರಿಟರ್ನ್‌ನಲ್ಲಿ ಅದಕ್ಕೆ ಬೇರೆ ಸಾಲು ಇದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪಾಸ್‌ಬುಕ್ ಫೋಟೊ ತೆಗೆದು ಕಳಿಸಲಾ?" ಅಂದರು.